ಪದ ಬೇಕು: ಕಾರಿನ ಹಿಂಭಾಗದ ಫೋಟೋ ಗುರುತಿಸುವವರ ಕೈಪಿಡಿಗೆ 'ವೇರಿಯಂಟ್', 'ಬ್ಯಾಡ್ಜ್', 'ಟೈಲ್ ಲ್ಯಾಂಪ್'

ಸುಮಾ:
ಎಲ್ಲರಿಗೂ ನಮಸ್ಕಾರ. ಹಿಂದಿನಿಂದ ತೆಗೆದ ಫೋಟೋ ನೋಡಿ ಕಾರು ಯಾವುದು ಎಂದು ಬರೆದುಕೊಳ್ಳುವವರಿಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು.

'ಮಾಡೆಲ್'ಗೆ 'ಮಾದರಿ' ಸಾಕು. 'ವೇರಿಯಂಟ್'ಗೆ 'ರೂಪಾಂತರ' ಎಂದರೆ ಕಾರು ಬೇರೆ ಏನೋ ಆಗಿಬಿಟ್ಟ ಹಾಗೆ ಕೇಳುತ್ತದೆ. 'ಆವೃತ್ತಿ' ಎಂದರೆ ಪುಸ್ತಕ ನೆನಪಾಗುತ್ತದೆ. 'ಬ್ಯಾಡ್ಜ್'ಗೆ 'ಹಿಂಬರಹ', 'ಟೈಲ್ ಲ್ಯಾಂಪ್'ಗೆ 'ಹಿಂದೀಪ' ಎಂದು ಹಾಕಿದ್ದೇನೆ. ಸರಿಯಾ?

ಕೈಪಿಡಿಯ ಒಂದು ಉದಾಹರಣೆ: ಬಿಎಂಡಬ್ಲ್ಯು 3 ಸೀರೀಸ್. ಡಿಕ್ಕಿಯ ಮೇಲೆ 335ಐ ಎಂದಿದೆ. ಆದರೆ ದೀಪ ಪೂರ್ತಿ ಎಲ್‌ಇಡಿ. ಇಲ್ಲಿ 'ಬ್ಯಾಡ್ಜೂ ದೀಪವೂ ಹೊಂದುತ್ತಿಲ್ಲ' ಎಂದು ಬರೆಯಬೇಕಂತೆ. ಯಾಕೆ ಹೊಂದುವುದಿಲ್ಲ ಎಂದು ತಿಳಿಯದೆ ಪದ ಆರಿಸಲು ಧೈರ್ಯ ಬರುತ್ತಿಲ್ಲ.

ಕೇಶವಮೂರ್ತಿ:
'ಹಿಂದೀಪ' ಅರಿಸಮಾಸ. ಬೇಡ. 'ಹಿನ್‌ಸೊಡರು' ಎನ್ನಿ. ಸುಡು, ಸೊಡರು ಒಂದೇ ಬೇರಿನವು, ತಮಿಳಿನ 'ಸುಡರ್' ನೋಡಿ. 'ಹಿಂಬರಹ'ವನ್ನು ಕಚೇರಿಗಳು ಎಂದೋ ಬೇರೆ ಅರ್ಥಕ್ಕೆ ಬಳಸಿಕೊಂಡಿವೆ, ಅದೂ ಬೇಡ. 'ವೇರಿಯಂಟ್'ಗೆ 'ಒಳಬಗೆ'.

ಇಮ್ರಾನ್:
ಬ್ಯಾಡ್ಜ್ ಅಂದರೆ ಲಾಂಛನ ಅಲ್ವಾ? ಅದಕ್ಕೆ ಪದ ಈಗಾಗಲೇ ಇದೆ. ಇನ್ನು 335 ಅಂದರೆ 3 ಸೀರೀಸ್, 3.5 ಲೀಟರ್ ಎಂಜಿನ್. 'ಎಂಜಿನ್ ಅಳತೆ' ಎಂದು ಬರೆದರೆ ಮುಗಿಯಿತು.

ದಿನೇಶ:
ಇಮ್ರಾನ್ ಅವರೇ, ಮೊದಲ 3 ಸರಿ. ಉಳಿದದ್ದು ತಪ್ಪು. 335ಐ ಎಂಜಿನ್ 3 ಲೀಟರಿನದು, ಟರ್ಬೊ ಇದೆ. ಅದೇ ತಲೆಮಾರಿನ 328ಐ ಬರೀ 2 ಲೀಟರು. ಆ ಅಂಕಿ ಈಗ ಶಕ್ತಿಯ ಮೆಟ್ಟಿಲನ್ನು ಹೇಳುತ್ತದೆ, ಲೀಟರನ್ನಲ್ಲ. ಆ ತಲೆಮಾರಿನಲ್ಲಿ ಕೊನೆಯ 'ಐ' ಪೆಟ್ರೋಲು, 'ಡಿ' ಡೀಸೆಲ್. ಲಾಂಛನ ಎಂದರೆ ಮಧ್ಯದ ದುಂಡು ಗುರುತು. ಅದು ಕಂಪನಿ ಯಾವುದೆಂದು ಮಾತ್ರ ಹೇಳುತ್ತದೆ. ಇಲ್ಲಿ ಬೇಕಾದದ್ದು ಪಕ್ಕದ ಅಕ್ಷರಗಳು.

ಸುಮಾ ಅವರೇ, ನಿಮ್ಮ ಉದಾಹರಣೆಗೆ ಬರೋಣ. ಇದು ಎಫ್30 ತಲೆಮಾರು. 2015ರಲ್ಲಿ ಅದಕ್ಕೆ ಫೇಸ್‌ಲಿಫ್ಟ್ ಆಯಿತು, ಅಂದರೆ ತಲೆಮಾರು ಅದೇ, ನೋಟವನ್ನು ಅಲ್ಲಲ್ಲಿ ಹೊಸದು ಮಾಡಿದರು. ಮೊದಲಿನ ಹಿಂದೀಪದಲ್ಲೂ ಎಲ್‌ಇಡಿ ಪಟ್ಟಿ ಇತ್ತು, ಆದರೆ ಇಂಡಿಕೇಟರ್ ಬಲ್ಬಿನದು. ಆಮೇಲಿನದು ಪೂರ್ತಿ ಎಲ್‌ಇಡಿ. ಹೊರಗಿನ ಆಕಾರ ಹೆಚ್ಚುಕಮ್ಮಿ ಒಂದೇ, ಹಾಗಾಗಿ ದೀಪ ಆರಿರುವ ಫೋಟೋದಲ್ಲಿ ಸುಲಭವಾಗಿ ಮೋಸ ಹೋಗುತ್ತೇವೆ. ಇಂಡಿಕೇಟರ್ ಉರಿಯುವಾಗ ತೆಗೆದ ಫೋಟೋ ಸಿಕ್ಕರೆ ಒಳ್ಳೆಯದು. ಬಲ್ಬಾದರೆ ಬೆಳಕು ಉಂಡೆಯಾಗಿ ಹರಡುತ್ತದೆ, ಎಲ್‌ಇಡಿಯಾದರೆ ಗೆರೆಯಾಗಿ ಕಾಣುತ್ತದೆ.

ಅದೇ ಫೇಸ್‌ಲಿಫ್ಟಿನಲ್ಲಿ 335ಐ ಹೋಗಿ 340ಐ ಬಂತು. ಅಂದರೆ ಅಕ್ಷರ ಹಳೆಯ ಕಾರು ಎನ್ನುತ್ತದೆ, ದೀಪ ಹೊಸದು ಎನ್ನುತ್ತದೆ. ಎರಡರಲ್ಲಿ ಒಂದನ್ನು ಯಾರೋ ಬದಲಿಸಿದ್ದಾರೆ.

ಲತಾ:
ನನ್ನ ಹಳೆ 320ಡಿಗೆ ಹೊಸ ತರಹದ ದೀಪ ಹಾಕಿಸಿದೆ. ಕೂತಿದ್ದು ಸರಿಯಾಗಿಯೇ ಕೂತಿತು. ಆದರೆ ಬಲ್ಬ್ ಹೋಗಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಬರ್ತಾನೇ ಇದೆ. ಯಾವ ದೀಪ ತರಿಸಬೇಕಿತ್ತು?

ದಿನೇಶ:
ಲತಾ ಅವರೇ, ದೀಪ ಕೆಟ್ಟಿಲ್ಲ. ಎಲ್‌ಇಡಿ ಕಮ್ಮಿ ಕರೆಂಟ್ ಎಳೆಯುತ್ತದೆ, ಕಾರು ಅದನ್ನು ಬಲ್ಬ್ ಹೋಗಿದೆ ಎಂದುಕೊಳ್ಳುತ್ತದೆ. ಹೊಸ ದೀಪ ಎಲ್‌ಇಡಿಯದು ಎಂದು ಕಾರಿನ ಕಂಪ್ಯೂಟರಿಗೆ ತಿಳಿಸುವ ಕೋಡಿಂಗ್ ಮಾಡಿಸಿ. ನಿಮ್ಮ ಕಾರಿನ ಹಿಂಭಾಗದ ಫೋಟೋ ನೋಡಿದವರು ಅದನ್ನು 2015ರ ಆಮೇಲಿನದು ಎಂದೇ ಬರೆಯುತ್ತಾರೆ. 320ಡಿ ಎಂಬ ಹೆಸರು ಆಗಲೂ ಉಳಿದಿದ್ದರಿಂದ ಅಕ್ಷರ ಅವರನ್ನು ತಡೆಯುವುದಿಲ್ಲ. 335ಐ ಆದ್ದರಿಂದ ಮಾತ್ರ ಸುಮಾ ಅವರ ಕಾರು ಸಿಕ್ಕಿಬಿತ್ತು.

ಸುಮಾ:
ಹಾಗಾದರೆ ಬದಲಾಗಿರುವುದು ದೀಪವೋ ಅಕ್ಷರವೋ?

ದಿನೇಶ:
ಫೋಟೋದಿಂದ ಖಚಿತವಾಗಿ ಹೇಳಲಾಗದು. ಅಕ್ಷರಗಳ ನಡುವಿನ ಜಾಗ ಏರುಪೇರಾಗಿದ್ದರೆ, ಸಾಲು ಓರೆಯಾಗಿದ್ದರೆ, ಪಕ್ಕದಲ್ಲಿ ಹಳೆ ಅಂಟಿನ ಗುರುತಿದ್ದರೆ ಅಕ್ಷರದ ಮೇಲೆ ಅನುಮಾನ ಪಡಿ. ಅಕ್ಷರವೇ ಇಲ್ಲದಿದ್ದರೆ ಮಾತ್ರ ಕಿತ್ತಿದ್ದಾರೆ ಎನ್ನಬೇಡಿ. ಹೆಸರಿಲ್ಲದೆಯೇ ಕಾರ್ಖಾನೆಯಿಂದ ತರಿಸಿಕೊಳ್ಳಬಹುದು. ಕೊನೆಗೆ ಚಾಸಿ ನಂಬರೇ ಸಾಕ್ಷಿ.

ಕೇಶವಮೂರ್ತಿ:
'ಫೇಸ್‌ಲಿಫ್ಟ್', 'ಬ್ಯಾಡ್ಜ್', 'ಕೋಡಿಂಗ್', 'ಚಾಸಿ'. ಇದು ಕನ್ನಡದ ಪಟ್ಟಿಯೋ ಗ್ಯಾರೇಜೋ? ಬದಲಾಗಿದ್ದು ಹಿಂಭಾಗ, ಅದಕ್ಕೆ ಮುಖದ ಹೆಸರು. ತಪ್ಪು ಹೆಸರನ್ನು ತಪ್ಪಾಗಿಯೇ ಎರವಲು ತರಬೇಕೆ? 'ತಿದ್ದುಪಡಿ' ಸಾಲದೆ?

ಇಮ್ರಾನ್:
ಲೀಟರ್ ವಿಷಯ ಒಪ್ಪಿದೆ. ಆದರೆ ಸರ್, 'ಹಿನ್‌ಸೊಡರು' ಅಂದರೆ ಯಾವ ಮೆಕ್ಯಾನಿಕ್ಕಿಗೆ ಅರ್ಥವಾಗುತ್ತದೆ? 'ದೀಪ'ವೂ ಸಂಸ್ಕೃತದಿಂದ ಬಂದದ್ದೇ. ಅದು ನಮ್ಮದಾಗಬಹುದಾದರೆ 'ಬ್ಯಾಡ್ಜ್' ಯಾಕಾಗಬಾರದು?

ಕೇಶವಮೂರ್ತಿ:
ಬಂದದ್ದೆಲ್ಲ ನಮ್ಮದಾಗುವುದಿಲ್ಲ.

ಸುಮಾ:
'ಒಳಬಗೆ' ಹಾಕಿ ಓದಿ ನೋಡಿದೆ. ಓದುವವರು ಅದನ್ನು ಕಾರಿನ ಒಳಗಿನ ಸೀಟು, ಬಟ್ಟೆ ಎಂದುಕೊಳ್ಳುತ್ತಾರೆ ಅನ್ನಿಸಿತು. ಹಾಗಾಗಿ 'ವೇರಿಯಂಟ್' ಹಾಗೇ ಉಳಿಸಿದ್ದೇನೆ. 'ಬ್ಯಾಡ್ಜ್'ಗೆ 'ಹಿಂಬದಿಯ ಹೆಸರು', 'ಟೈಲ್ ಲ್ಯಾಂಪ್'ಗೆ 'ಹಿಂಬದಿಯ ದೀಪ'. ಕೇಶವಮೂರ್ತಿ ಅವರೇ, ಬಿಡಿಸಿ ಬರೆದಿದ್ದೇನೆ, ಸಮಾಸವಿಲ್ಲ. 335ಐ ಫೋಟೋದ ಕೆಳಗೆ ಹೀಗೆ ಬರೆದೆ: 'ಹಿಂಬದಿಯ ಹೆಸರು 2015ಕ್ಕಿಂತ ಹಿಂದಿನದು, ದೀಪ ಆಮೇಲಿನದು. ವರ್ಷದ ಜಾಗ ಖಾಲಿ ಬಿಡಿ.'

'ಫೇಸ್‌ಲಿಫ್ಟ್'ಗೆ ಇನ್ನೂ ಏನೂ ಹಾಕಿಲ್ಲ. 'ತಿದ್ದುಪಡಿ' ಎಂದರೆ ಕಾನೂನು ನೆನಪಾಗುತ್ತದೆ. ಬೆಳಿಗ್ಗೆ ಏಳರವರೆಗೆ ಕಾಯುತ್ತೇನೆ.