ಸಹಾಯ ಬೇಕು: ಲ್ಯಾವೆಂಡರ್ ಎಣ್ಣೆಯ ಡಿಫ್ಯೂಸರ್, ಅರ್ಧ ಗಂಟೆಗೆ ತಾನೇ ನಿಲ್ಲುವಂಥದ್ದು

ಎಲ್ಲರಿಗೂ ನಮಸ್ಕಾರ. ಬದಿಯಡ್ಕ, ಕುಂಬಳೆ, ಕಾಸರಗೋಡು ಪೇಟೆಯಲ್ಲಿ ಅರ್ಧ ಗಂಟೆಯ ಟೈಮರ್ ಇರುವ ಅಲ್ಟ್ರಾಸಾನಿಕ್ ಡಿಫ್ಯೂಸರ್ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ತೋರಿಸಿದ್ದರಲ್ಲಿ ಒಂದು ಗಂಟೆಗಿಂತ ಕಡಿಮೆ ಸಮಯದ ಆಯ್ಕೆಯೇ ಇಲ್ಲ.

ಬೇಕಾಗಿರುವುದು ಹತ್ತಡಿ ಉದ್ದಗಲದ ಮಲಗುವ ಕೋಣೆಗೆ. 100 ಮಿಲಿ ನೀರಿಗೆ ಲ್ಯಾವೆಂಡರ್ 3 ಹನಿ ಸಾಕು. ಮಲಗುವ ಅರ್ಧ ಗಂಟೆ ಮೊದಲು ಹಚ್ಚಿ, ಬಾಗಿಲು ಸ್ವಲ್ಪ ತೆರೆದಿಟ್ಟು, ದೀಪ ಆರಿಸುವಾಗ ಅದನ್ನೂ ಆರಿಸುವುದು ಲೆಕ್ಕ. ರಾತ್ರಿಯಿಡೀ ಓಡಿಸಿದರೆ ನಿದ್ದೆ ಹೆಚ್ಚಾಗುವುದಿಲ್ಲ. ತಲೆನೋವು, ಓಕರಿಕೆ, ಗಂಟಲು ಕೆರೆತವೇ ಜಾಸ್ತಿ. ಮೂಗು ಕೆಲವೇ ನಿಮಿಷದಲ್ಲಿ ವಾಸನೆಗೆ ಒಗ್ಗಿಹೋಗುತ್ತದೆ. "ಪರಿಮಳವೇ ಬರ್ತಿಲ್ಲ" ಎಂದು ಇನ್ನೂ ನಾಲ್ಕು ಹನಿ ಸುರಿಯುವುದು ಅಲ್ಲೇ. ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ಗೊತ್ತಾಗುತ್ತದೆ, ಕೋಣೆಯಲ್ಲಿ ಎಷ್ಟು ತುಂಬಿದೆ ಎಂದು.

ನಮ್ಮ ಕಡೆ ಮಳೆಗಾಲದಲ್ಲಿ ಇನ್ನೊಂದು ಪೀಕಲಾಟ: ಕಿಟಕಿ ಮುಚ್ಚಿರುತ್ತದೆ, ಗಾಳಿಯಲ್ಲಿ ಮೊದಲೇ ತೇವ, ಅದರ ಮೇಲೆ ಇದರ ಮಂಜು. ಗೋಡೆಗೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ನೀರಿಲ್ಲದೆ ಎಣ್ಣೆಯನ್ನಷ್ಟೇ ಸಿಂಪಡಿಸುವ ನೆಬ್ಯುಲೈಸಿಂಗ್ ಡಿಫ್ಯೂಸರ್ ಬಳಸುವವರಿದ್ದರೆ ಹೇಳಿ. ಅದರಲ್ಲಿ ಎಣ್ಣೆ ನೇರವಾಗಿ ಬರುವುದರಿಂದ ಸಣ್ಣ ಕೋಣೆಗೆ ಎಷ್ಟು ನಿಮಿಷ ಇಡುತ್ತೀರಿ?

ಮನೆಯಲ್ಲಿ ದಮ್ಮು ಇರುವವರು, ಹಸುಗೂಸು ಅಥವಾ ಬೆಕ್ಕು ಇದ್ದೂ ಬಳಸುತ್ತಿರುವವರು ಅದನ್ನೂ ತಿಳಿಸಿ. ಅವರಿರುವ ಕೋಣೆಯಲ್ಲಿ ಹಚ್ಚಬಾರದು ಎಂದೇ ನನ್ನ ಅಭಿಪ್ರಾಯ.