ಮೆಗ್ಗರ್ ರೀಡಿಂಗ್ ಬಗ್ಗೆ ಸಹಾಯ ಬೇಕು

ನಮಸ್ಕಾರ ಎಲ್ರಿಗೂ, ನಮ್ ಪಂಪ್‌ಹೌಸಲ್ಲಿ 415 ವೋಲ್ಟಿನ 30 ಎಚ್‌ಪಿ ಮೋಟರ್ ಇದೆ, ಆರ್ ತಿಂಗಳಿಗೊಮ್ಮೆ ವೈಂಡಿಂಗ್‌ಗೂ ಮೋಟರ್ ಬಾಡಿಗೂ ನಡುವಿನ ಇನ್ಸುಲೇಶನ್ನ ಮೆಗ್ಗರ್ ಹಾಕಿ ಅಳ್ದು ಬುಕ್ಕಲ್ಲಿ ಬರ್ದಿಡ್ತೀವಿ. ಜನವರೀಲಿ 180 ಮೆಗಾಓಮ್ ಇತ್ತು, ಮೊನ್ನೆ ನೋಡಿದ್ರೆ ಬರೀ 22! ಎದೆ ಧಸಕ್ ಅಂತು.

ಆದ್ರೆ ಎರಡು ವಿಷ್ಯ ಇದೆ. ಜನವರೀಲಿ ರಾತ್ರಿಯೆಲ್ಲಾ ನಿಂತಿದ್ದ ಮೋಟರ್, ವೈಂಡಿಂಗ್ ಸುಮಾರು 30 ಡಿಗ್ರಿ, ಈ ಸಲ ಓಡಿಸಿ ನಿಲ್ಲಿಸಿದ ತಕ್ಷಣ ತಗೊಂಡಿದ್ದು, ಹತ್ರತ್ರ 60 ಇರ್ಬೋದು. 10 ಡಿಗ್ರಿ ಏರಿದ್ರೆ ರೀಡಿಂಗ್ ಅರ್ಧ ಆಗುತ್ತೆ ಅನ್ನೋ ಲೆಕ್ಕ ಹಿಡಿದ್ರೆ 22ನ್ನ ಮೂರ್ ಸಲ ಡಬಲ್ ಮಾಡಿದಾಗ 176, ಅಂದ್ರೆ ಏನೂ ಕೆಟ್ಟಿಲ್ವಾ? ಈ ಲೆಕ್ಕ ಅಂದಾಜಿಂದು ಅಂತ ಗೊತ್ತು, ಅದಕ್ಕೇ ಪೂರ್ತಿ ನಂಬೋಕೆ ಧೈರ್ಯ ಬರ್ತಿಲ್ಲ.

ಇನ್ನೊಂದು, ನಾನು ಯಾವಾಗ್ಲೂ 500 ವೋಲ್ಟಲ್ಲಿ ಪೂರಾ ಒಂದು ನಿಮಿಷ ಬಿಟ್ಟು ಓದ್ತೀನಿ, ಈ ಸಲ ಜೊತೆಗಿದ್ದ ಹುಡುಗ 1000ಕ್ಕೆ ತಿರುಗಿಸಿ ಮುಳ್ಳು ಇನ್ನೂ ಮೇಲೇರ್ತಿರುವಾಗ್ಲೇ 22 ಅಂತ ಬರ್ಕೊಂಡ್ಬಿಟ್ಟ. 415ರ ಹಳೇ ಮೋಟರ್‌ಗೆ 1000 ಕೊಟ್ಟಿದ್ದು ನಂಗಂತೂ ಸರಿ ಕಾಣ್ಲಿಲ್ಲ. ಟರ್ಮಿನಲ್ ಬಾಕ್ಸಲ್ಲಿ ಒದ್ದೆ ಧೂಳು ಬೇರೆ ಅಂಟ್ಕೊಂಡಿತ್ತು, ಒರೆಸಿಲ್ಲ.

ನಾಳೆ ಬೆಳಗ್ಗೆ ತಣ್ಣಗಿರುವಾಗ ಕೇಬಲ್ ಬಿಚ್ಚಿ, ಬಾಕ್ಸ್ ಒರೆಸಿ, 500ರಲ್ಲೇ ಮತ್ತೆ ನೋಡೋಣ ಅಂತಿದೀನಿ. ಆಗ್ಲೂ 50ರ ಕೆಳಗೇ ಬಂದ್ರೆ ಹೀಟರ್ ಇಟ್ಟು ಒಣಗಿಸಿದ್ರೆ ಸಾಕಾ, ಇಲ್ಲಾ ವಾರ್ನಿಶ್‌ಗೆ ಕಳಿಸ್ಬೇಕಾ? ಅನುಭವ ಇರೋರು ದಯವಿಟ್ಟು ಹೇಳಿ.