ಆಫೀಸಿನ ಸೈಕಲ್ ಗುಂಪಿಗೊಂದು ಹೆಸರು: ‘ತುಳಿಯುವವರು’ ಸರಿಯೇ?

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಹದಿನಾಲ್ಕು ಜನ ಶನಿವಾರ ಬೆಳಿಗ್ಗೆ ಸೈಕಲ್ ತಗೊಂಡು ಹೊರಡುತ್ತೇವೆ. ಇಬ್ಬರು ನಂದಿಬೆಟ್ಟವನ್ನು ಎಲ್ಲೂ ನಿಲ್ಲದೆ ಹತ್ತುತ್ತಾರೆ. ಅಕೌಂಟ್ಸ್‌ನ ಮೇಡಂ ಮೊಣಕಾಲು ಆಪರೇಷನ್ ಆದವರು. ಫ್ಲೈಓವರ್ ಬಂದರೂ ಇಳಿದು ತಳ್ಳುತ್ತಾರೆ. ಟೀ-ಶರ್ಟಿಗೆ ಹೆಸರು ಸೋಮವಾರ ಕೊಡಬೇಕು. ಓದಿದರೆ ನಗು ಬರಬೇಕು, ಆದರೆ ಯಾರ ಮೈ ನೋಡಿಯೂ ನಕ್ಕ ಹಾಗೆ ಇರಬಾರದು. ‘ಡೊಳ್ಳುಹೊಟ್ಟೆ ದಂಡು’ ಅಂತ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಮುಂದಿನ ವಾರ ಬರಲೇ ಇಲ್ಲ. ‘ತುಳಿಯುವವರ ಬಳಗ’ ಅಂತ ಯೋಚಿಸಿದ್ದೇನೆ. ಸರಿನಾ?

ನಿವೃತ್ತ ಮೇಷ್ಟ್ರು, ಮೈಸೂರು

ಬೇಡ. ‘ಸೈಕಲ್’ ಅನ್ನೋದು ಪಕ್ಕದಲ್ಲಿ ಇದ್ದರೆ ಮಾತ್ರ ‘ತುಳಿ’ ಸಾಧು. ಅದನ್ನು ತೆಗೆದರೆ ‘ತುಳಿತಕ್ಕೆ ಒಳಗಾದವರು’ ಅನ್ನುವಾಗಿನ ಅರ್ಥ ಎದ್ದು ನಿಲ್ಲುತ್ತದೆ. ಆಫೀಸಿನವರು ಬೆನ್ನ ಮೇಲೆ ‘ತುಳಿಯುವವರು’ ಅಂತ ಬರೆಸಿಕೊಂಡರೆ ಓದಿದವರಿಗೆ ನೆನಪಾಗುವುದು ಪೆಡಲ್ ಅಲ್ಲ, ಮೇಲಧಿಕಾರಿಗಳು.

ಶಿವಮೊಗ್ಗದಿಂದ

ಮೊದಲು ‘ಸೈಕಲ್’ ಬಿಡಿ. ಇರ್ ಮತ್ತು ಕೆಲ ಸೇರಿ ಇಕ್ಕೆಲ ಆಗುತ್ತದೆ. ಹಾಗೇ ಇರ್ ಮತ್ತು ಗಾಲಿ ಸೇರಿದರೆ ಇಗ್ಗಾಲಿ. ‘ಇಗ್ಗಾಲಿ ಕೂಟ’ ಅಂತ ಇಡಿ. ಅಚ್ಚಗನ್ನಡ.

ಧಾರವಾಡದಿಂದ

ನಮ್ಮ ಕಡೆ ಸೈಕಲ್ ತುಳಿಯೋದೇ ಇಲ್ಲ, ಸೈಕಲ್ ಹೊಡೆಯುತ್ತೇವೆ. ನನ್ನ ಮಗನ ಶಾಲೆಯ ಸೈಕಲ್ ಗುಂಪಿಗೂ ಹೆಸರು ಬೇಕಿತ್ತು, ‘ಗಾಳಿ ಗಾಲಿ’ ಅಂತ ಇಟ್ಟೆವು. ಮಕ್ಕಳಿಗೆ ಭಾಳ ಹಿಡಿಸಿತು. ನೀವೂ ಇಟ್ಟುಕೊಳ್ಳಿ.

ಮೇಷ್ಟ್ರು

ಅಕ್ಕ, ಅದು ಗಾಳಿಯ ಹಾಗೆ ಹೋಗುವ ಮಕ್ಕಳಿಗೆ. ಇಲ್ಲಿ ತಳ್ಳಿಕೊಂಡು ಬರುವವರೂ ಇದ್ದಾರೆ. ಇನ್ನು ಇಗ್ಗಾಲಿಯ ಮಾತು. ಬೈಕಿಗೂ ಎರಡೇ ಗಾಲಿ. ಚೈನು, ಬ್ರೇಕು, ಪಂಚರ್ ಎಲ್ಲ ಹಾಗೇ ಇಟ್ಟುಕೊಂಡು ಸೈಕಲ್ಲನ್ನು ಮಾತ್ರ ಓಡಿಸಿಬಿಡುವುದು ಯಾವ ನ್ಯಾಯ?

ಶಿವಮೊಗ್ಗದಿಂದ

ಒಂದೊಂದಾಗಿ ಎಲ್ಲವನ್ನೂ ಓಡಿಸೋಣ. ಹೀಗೇ ಬಿಟ್ಟುಕೊಟ್ಟರೆ ನಾಳೆ ‘ಕಾಲು’ ಅನ್ನುವುದಕ್ಕೂ ಇಂಗ್ಲಿಷೇ ಗತಿ.

ಹಾಸನದಿಂದ

ಜಗಳ ಆಮೇಲೆ, ಅವರಿಗೆ ಸೋಮವಾರ ಹೆಸರು ಬೇಕು. ‘ಏರಿಳಿತ’ ಹೇಗೆ? ಬೆಟ್ಟವನ್ನೂ ಏರುತ್ತೇವೆ, ಸೈಕಲ್ಲನ್ನೂ ಏರುತ್ತೇವೆ. ಬೆಟ್ಟದಿಂದಲೂ ಇಳಿಯುತ್ತೇವೆ, ಸೈಕಲ್ಲಿಂದಲೂ ಇಳಿಯುತ್ತೇವೆ. ಗಟ್ಟಿಗರಿಗೆ ಅದು ಬೆಟ್ಟ ಏರಿ ಇಳಿಯುವುದು. ಮೇಡಂಗೆ ಸೈಕಲ್ ಏರಿ ಇಳಿಯುವುದು. ಹೆಸರು ಒಂದೇ, ಇಬ್ಬರಿಗೂ ಸಲ್ಲುತ್ತದೆ. ತೂಕ, ಬಿಪಿ ಇವಕ್ಕೂ ಇದೇ ಮಾತು ಹೇಳುತ್ತೇವಲ್ಲ, ಅದರ ನಗು ಎಲ್ಲರ ಪಾಲಿಗೂ ಬರುತ್ತದೆ. ಯಾರೊಬ್ಬರ ಮೇಲೂ ಬೀಳುವುದಿಲ್ಲ. ಇನ್ನೊಂದು, ಇದರಲ್ಲಿ ಒತ್ತಕ್ಷರವೇ ಇಲ್ಲ. ನಮ್ಮ ಕ್ಲಬ್ಬಿನ ಜರ್ಸಿಯಲ್ಲಿ ‘ಳ್ಳ’ದ ಒತ್ತು ಬಟ್ಟೆಯ ಸಣ್ಣ ತೂತುಗಳಲ್ಲಿ ಬಣ್ಣ ಹರಡಿ ಉಂಡೆಯಾಗಿತ್ತು. ದೂರದಿಂದ ಅದು ಯಾವ ಅಕ್ಷರ ಅಂತಲೇ ಗೊತ್ತಾಗುತ್ತಿರಲಿಲ್ಲ.

ಧಾರವಾಡದಿಂದ

ಏರಿ ಅಂದರೆ ಕೆರೆ ಏರಿ ಅಲ್ವಾ? ಅಲ್ಲಿಂದ ಇಳಿಯೋದು ಅಂತಲೇ ಏರಿಳಿತ?

ಮೇಷ್ಟ್ರು

ಅಲ್ಲ. ಏರು, ಇಳಿತ ಎರಡು ಸೇರಿದಾಗ ಉಕಾರ ಲೋಪ ಆಗಿದೆ, ಅಷ್ಟೇ. ಹಾಸನದವರ ಹೆಸರು ಒಳ್ಳೆಯದು. ಮುಂದೆ ‘ದಂಡು’ ಮಾತ್ರ ಸೇರಿಸಬೇಡಿ. ಬೆಂಗಳೂರಲ್ಲಿ ಅದು ರೈಲ್ವೆ ಸ್ಟೇಷನ್.

ಶಿವಮೊಗ್ಗದಿಂದ

ದಂಡು ಹೇಗೂ ಸಂಸ್ಕೃತದಿಂದ ಬಂದದ್ದು. ಕನ್ನಡ ಪದಕ್ಕೆ ಅದನ್ನು ಅಂಟಿಸಿದರೆ ಅರಿಸಮಾಸ.

ಮೇಷ್ಟ್ರು

ದಂಡು ತದ್ಭವ. ತದ್ಭವ ಕನ್ನಡದ ಜೊತೆ ಸೇರಿದರೆ ಅರಿಸಮಾಸ ಆಗುವುದಿಲ್ಲ. ಆಯಿತು, ಅರಿಸಮಾಸವೇ ಅಂದುಕೊಳ್ಳಿ. ಬಿರುದುಗಳಿಗೆ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಬೆನ್ನ ಮೇಲೆ ಬರೆಸಿಕೊಳ್ಳುವ ಹೆಸರು ಬಿರುದಲ್ಲದೆ ಮತ್ತೇನು? ಅಂದ ಹಾಗೆ ನಿಮ್ಮ ‘ಕೂಟ’ವೂ ಸಂಸ್ಕೃತವೇ, ಚಿತ್ರಕೂಟದ ಕೂಟ.

ಶಿವಮೊಗ್ಗದಿಂದ

ಸುಮ್ನೆ ಹೇಳಬೇಡಿ. ಆಡು ಆಟ, ಓಡು ಓಟ, ನೋಡು ನೋಟ. ಹಾಗೇ ಕೂಡು ಕೂಟ. ಚಿತ್ರಕೂಟದ ಕೂಟ ಅಂದರೆ ಶಿಖರ, ಅದೇ ಬೇರೆ ಪದ.

ಹಾಸನದಿಂದ

ಇದರಲ್ಲಿ ಶಿವಮೊಗ್ಗದವರು ಸರಿ, ಮೇಷ್ಟ್ರೇ.

ಕೇಳಿದವರು

‘ಏರಿಳಿತ’ವನ್ನು ಮೇಡಂಗೆ ತೋರಿಸಿದೆ. “ಏರು ನಿಮ್ಮದು, ಇಳಿತ ನನ್ನದು” ಅಂತ ಜೋರಾಗಿ ನಕ್ಕರು. ಹೆಸರು ಅದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬಳಗ’ ಹಾಕಿಸಲೋ, ‘ಕೂಟ’ ಹಾಕಿಸಲೋ?

ಮೇಷ್ಟ್ರು

ಬಳಗ.

ಶಿವಮೊಗ್ಗದಿಂದ

ಕೂಟ. ಬಳಗ ಅಂದರೆ ನೆಂಟರು. ಇವರು ಶನಿವಾರ ಕೂಡುವವರು.